ಲಾರಿ ತಿರುಗುವ ಜಾಗ ಮತ್ತು ಚೀಲದ ತೇವ: ಹಾವೇರಿ ಜಿಲ್ಲೆಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನ ಪ್ರಕರಣ

ಈ ಪ್ರಕರಣದ ಕೋಲ್ಡ್ ಸ್ಟೋರೇಜ್ ಹಾವೇರಿ ಜಿಲ್ಲೆಯಲ್ಲಿದೆ. ಬ್ಯಾಡಗಿ ಮಾರುಕಟ್ಟೆಯನ್ನು ನಂಬಿಕೊಂಡು ಎದ್ದು ನಿಂತ ಹಲವು ಶೀತಗೃಹಗಳಲ್ಲಿ ಅದೂ ಒಂದು. ಮಾಲೀಕರು ತಮ್ಮ ಹೆಸರು, ಊರು ಹಾಗೂ ನಿರ್ಮಾಣದ ವರ್ಷವನ್ನು ಹೇಳಬಾರದೆಂಬ ಷರತ್ತಿನ ಮೇಲೆ ವಿವರಗಳನ್ನು ಬರೆಯಲು ಒಪ್ಪಿದ್ದಾರೆ. ಗುರುತು ಸಿಗದಂತೆ ಕೆಲವು ಅಳತೆಗಳನ್ನು ಹತ್ತಿರದ ಪೂರ್ಣಾಂಕಕ್ಕೆ ಬದಲಿಸಿದ್ದೇನೆ. ನಾನು ಈ ಕೆಲಸಕ್ಕೆ ಸಲಹೆಗಾರನಾಗಿ ಹೋದದ್ದು ಕಟ್ಟಡ ಮುಗಿದು ಒಂದು ಮಳೆಗಾಲ ಕಳೆದ ಮೇಲೆ. ಆದ್ದರಿಂದ ಮೊದಲ ನಕ್ಷೆಯ ತಪ್ಪಿನಲ್ಲಿ ನನಗೆ ಪಾಲಿಲ್ಲ, ಆದರೆ ತಪ್ಪನ್ನು ಗುರುತಿಸಲು ತಡಮಾಡಿದ್ದರಲ್ಲಿ ಇದೆ.

ಹಿನ್ನೆಲೆ

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಬೇಸಿಗೆಯ ಕಾವಿನಲ್ಲಿ ಸಾಮಾನ್ಯ ಗೋದಾಮಿನಲ್ಲಿ ಇಟ್ಟರೆ ಕೆಲವೇ ತಿಂಗಳಲ್ಲಿ ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಜನವರಿಯಿಂದ ಮೇ ತನಕ ಮಾರುಕಟ್ಟೆಗೆ ಬಂದ ಸರಕಿನಲ್ಲಿ ಒಂದು ದೊಡ್ಡ ಭಾಗವನ್ನು ರೈತರೂ ವರ್ತಕರೂ ಶೀತಗೃಹದಲ್ಲಿಟ್ಟು, ಜೂನ್‌ನಿಂದ ಡಿಸೆಂಬರ್‌ವರೆಗೆ ದರ ನೋಡಿಕೊಂಡು ಬಿಡಿಸಿಕೊಳ್ಳುತ್ತಾರೆ. ತುಂಬುವ ಕಾಲ ಒಣಹವೆಯದು, ಬಿಡಿಸುವ ಕಾಲ ಮಳೆಯದು. ಕೆಳಗೆ ಬರುವ ಎಲ್ಲ ತೊಂದರೆಯ ಬೇರು ಈ ಒಂದು ಸಂಗತಿಯಲ್ಲಿದೆ.

ನಾಲ್ಕು ಚೇಂಬರ್‌ಗಳ ಈ ಗೃಹದಲ್ಲಿ ಒಟ್ಟು 72,000 ಚೀಲ ಹಿಡಿಯುತ್ತದೆ. ಇಲ್ಲಿ ಚೀಲವೊಂದು ಸರಾಸರಿ 40 ಕೆ.ಜಿ. ತೂಗುತ್ತಿತ್ತು. ಚೇಂಬರ್‌ನ ಉಷ್ಣತೆ 6 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡಾ 65ರ ಆಸುಪಾಸು. ಚೇಂಬರ್‌ಗಳ ಮುಂದೆ 5 ಮೀಟರ್ ಅಗಲದ ಆಂಟಿರೂಮ್ ಎಂಬ ಮುಂಗೋಣೆ, ಅದರ ಮುಂದೆ 36 ಮೀಟರ್ ಉದ್ದ, 6 ಮೀಟರ್ ಅಗಲದ ತೆರೆದ ಪ್ಲಾಟ್‌ಫಾರ್ಮ್. ರಸ್ತೆ ಪಶ್ಚಿಮಕ್ಕೆ ಇದ್ದುದರಿಂದ ಪ್ಲಾಟ್‌ಫಾರ್ಮ್ ಕೂಡ ಪಶ್ಚಿಮಕ್ಕೇ ಮುಖ ಮಾಡಿತ್ತು. ಅಲ್ಲಿ ಒಟ್ಟಿಗೆ ಆರು ಲಾರಿಗಳು ನೇರವಾಗಿ ಹಿಂಬದಿ ಹಚ್ಚಿ ನಿಲ್ಲಬಹುದೆಂದು ನಕ್ಷೆ ಹೇಳುತ್ತಿತ್ತು. ಪ್ಲಾಟ್‌ಫಾರ್ಮ್‌ನ ಅಂಚಿನಿಂದ ಕಂಪೌಂಡ್ ಗೋಡೆಗೆ 17 ಮೀಟರ್ ಅಂತರ. ಒಳಗೆ ಬರಲು ಮತ್ತು ಹೊರಗೆ ಹೋಗಲು ಉತ್ತರ ತುದಿಯಲ್ಲಿ ಒಂದೇ ಗೇಟು.

ತೊಂದರೆ

ಮೊದಲ ಸೀಜನ್‌ನಲ್ಲಿ ತುಂಬುವಾಗ ಎಲ್ಲವೂ ಚೆನ್ನಾಗಿಯೇ ನಡೆಯಿತು. ಜುಲೈ ಎರಡನೆಯ ವಾರದಿಂದ ದೂರುಗಳು ಬರತೊಡಗಿದವು. ಬಿಡಿಸಿಕೊಂಡ ಚೀಲಗಳ ಗೋಣಿ ಹಸಿಯಾಗಿದೆ, ಒಳಗಿನ ಕಾಯಿ ಮೆತ್ತಗಾಗಿದೆ, ತೊಟ್ಟಿನ ಬುಡದಲ್ಲಿ ಬಿಳಿ ಬೂಸ್ಟು ಕಾಣುತ್ತಿದೆ ಎಂಬುದು ದೂರು. ಮೆಣಸಿನಕಾಯಿಯ ವ್ಯಾಪಾರದವರಿಗೆ ತೇವ ಅಳೆಯಲು ಯಂತ್ರ ಬೇಕಾಗಿಲ್ಲ. ಒಣ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಬೀಜ ಗಲಗಲ ಎನ್ನುತ್ತದೆ, ತೇವ ಹಿಡಿದ ಕಾಯಿ ಸದ್ದು ಮಾಡುವುದಿಲ್ಲ, ಮಡಚಿದರೆ ಮುರಿಯದೆ ತೊಗಲಿನಂತೆ ಬಾಗುತ್ತದೆ. ಆ ಮಳೆಗಾಲದ ನಾಲ್ಕು ತಿಂಗಳಲ್ಲಿ ಹೊರಗೆ ಹೋದ ಸುಮಾರು 26,000 ಚೀಲಗಳಲ್ಲಿ 420 ಚೀಲಗಳಿಗೆ ಮಾಲೀಕರು ಪರಿಹಾರ ಕೊಡಬೇಕಾಯಿತು. ಸಂಖ್ಯೆ ಸಣ್ಣದಾಗಿ ಕಂಡರೂ ಈ ದಂಧೆಯಲ್ಲಿ ಮಾತು ಬೇಗ ಹರಡುತ್ತದೆ. ಇಬ್ಬರು ದೊಡ್ಡ ದಲಾಲರು ಮುಂದಿನ ವರ್ಷ ಬೇರೆ ಕಡೆ ಇಡುವುದಾಗಿ ಹೇಳಿಬಿಟ್ಟಿದ್ದರು.

ಹಾಳಾದ ಚೀಲಗಳಲ್ಲಿ ಎರಡು ಬಗೆ ಇದ್ದವು. ಒಂದು, ಹೊರಗೆ ಹೋಗಿ ಲಾರಿಯಲ್ಲಿ ತಾಡಪತ್ರಿಯ ಕೆಳಗೆ ಹಸಿಯಾದವು. ಇನ್ನೊಂದು, ಚೇಂಬರ್‌ನ ಒಳಗೇ ಬೂಸ್ಟು ಹಿಡಿದವು. ಎರಡನೆಯ ಬಗೆಯ ಚೀಲಗಳು ಬಹುತೇಕ ಬಾಗಿಲಿನ ಹತ್ತಿರ ಚೀಲ ಒಟ್ಟಿದ ಮುಂದಿನ ಥಪ್ಪಿಗಳಲ್ಲಿ, ಅದರಲ್ಲೂ ನೆಲಮಹಡಿಯಲ್ಲಿ ಸಿಕ್ಕವು. ಇದನ್ನು ನೋಡಿ ಎಲ್ಲರೂ, ನಾನೂ ಸೇರಿ, ತೇವ ಚೇಂಬರ್‌ನ ಬಾಗಿಲಿನಿಂದ ಗಾಳಿಯಲ್ಲಿ ಒಳಗೆ ಬರುತ್ತಿದೆ ಎಂದು ತೀರ್ಮಾನಿಸಿದೆವು.

ಮೊದಲು ಮಾಡಿದ ಮೂರು ಪ್ರಯತ್ನಗಳು

ಯಂತ್ರ ನೋಡಿಕೊಳ್ಳುವವರ ಸಲಹೆಯಂತೆ ಚೇಂಬರ್‌ನ ಉಷ್ಣತೆಯನ್ನು 6ರಿಂದ 4 ಡಿಗ್ರಿಗೆ ಇಳಿಸಲಾಯಿತು. ಚೇಂಬರ್ ತಣಿಸುವ ಕೊಳವೆ ಸುರುಳಿ, ಅಂದರೆ ಕಾಯಿಲ್, ಹೆಚ್ಚು ತಂಪಾದಷ್ಟೂ ಗಾಳಿಯಿಂದ ಹೆಚ್ಚು ನೀರು ಹೀರುತ್ತದೆ ಎಂಬುದು ಅವರ ಲೆಕ್ಕ. ಚೇಂಬರ್‌ನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಚೀಲ ಇನ್ನಷ್ಟು ತಣ್ಣಗಾಗಿ ಹೊರಗೆ ಬಂದುದರಿಂದ ಅದರ ಮೇಲೆ ಇಬ್ಬನಿ ಮೊದಲಿಗಿಂತ ಹೆಚ್ಚು ಕೂರತೊಡಗಿತು. ಎರಡು ವಾರದಲ್ಲಿ ದೂರು ಏರಿದಾಗ ಮತ್ತೆ 6ಕ್ಕೆ ತಂದರು.

ಎರಡನೆಯದು ಆಂಟಿರೂಮ್‌ನ ಬಾಗಿಲಿಗೆ ಏರ್ ಕರ್ಟನ್. ಮೇಲಿನಿಂದ ಕೆಳಕ್ಕೆ ಗಾಳಿಯ ಪರದೆ ಬೀಸುವ ಈ ಸಾಧನ ನಿಶ್ಚಲ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆಷಾಢದ ಗಾಳಿ ಪಡುವಣದಿಂದ ನೇರವಾಗಿ ಪ್ಲಾಟ್‌ಫಾರ್ಮ್‌ಗೆ ನುಗ್ಗುವಾಗ ಆ ಪರದೆ ಒಳಕ್ಕೆ ಬಾಗಿ, ಹೊರಗಿನ ಗಾಳಿಯನ್ನೇ ಇನ್ನಷ್ಟು ಒಳಗೆ ದೂಡುತ್ತಿತ್ತು. ಮೂರನೆಯದು ಪಿವಿಸಿ ಪಟ್ಟಿಗಳ ಪರದೆ. ಹೆಗಲ ಮೇಲೆ ಚೀಲ ಹೊತ್ತ ಹಮಾಲರಿಗೆ ಆ ಪಟ್ಟಿ ಮುಖಕ್ಕೆ ಬಡಿಯುತ್ತದೆ, ಮಂಜಾದರೆ ಎದುರಿಗೆ ಬರುವವರು ಕಾಣುವುದಿಲ್ಲ. ಮೂರನೆಯ ದಿನಕ್ಕೆ ಅವನ್ನೆಲ್ಲ ಒಟ್ಟು ಮಾಡಿ ಸುತಳಿಯಿಂದ ಮೇಲಕ್ಕೆ ಕಟ್ಟಿಬಿಟ್ಟಿದ್ದರು. ಅವರನ್ನು ದೂರುವಂತಿರಲಿಲ್ಲ.

ನೋಟ್‌ಬುಕ್ ಹೇಳಿದ್ದು

ಪ್ರಕರಣದ ದಿಕ್ಕು ಬದಲಾದದ್ದು ಮ್ಯಾನೇಜರ್ ಬರೆದಿಟ್ಟ ಒಂದು ನೂರು ಪುಟದ ನೋಟ್‌ಬುಕ್‌ನಿಂದ. ಒಂದು ವಾರ, ಪ್ರತಿ ಲಾರಿಗೂ ಗೇಟು ದಾಟಿದ ಹೊತ್ತು, ಪ್ಲಾಟ್‌ಫಾರ್ಮ್‌ಗೆ ಹಚ್ಚಿ ನಿಂತ ಹೊತ್ತು, ಚೇಂಬರ್‌ನ ಬಾಗಿಲು ತೆರೆದ ಮತ್ತು ಮುಚ್ಚಿದ ಹೊತ್ತು, ಮೊದಲ ಚೀಲ ಹೊರಗೆ ಬಂದ ಹೊತ್ತು ಮತ್ತು ಅದು ಲಾರಿ ಏರಿದ ಹೊತ್ತು ಇಷ್ಟನ್ನು ಬರೆದುಕೊಳ್ಳಲು ಅವರಿಗೆ ಕೇಳಿಕೊಂಡಿದ್ದೆ. ಆ ವಾರ 19 ಲಾರಿಗಳು ಬಂದಿದ್ದವು. ಚೇಂಬರ್‌ನ ಬಾಗಿಲು ನಾವು ಅಂದುಕೊಂಡಷ್ಟು ಹೊತ್ತು ತೆರೆದಿರಲೇ ಇಲ್ಲ. ಆದರೆ ಹತ್ತು ಚಕ್ರದ ಲಾರಿಯೊಂದು ಗೇಟಿನಿಂದ ಪ್ಲಾಟ್‌ಫಾರ್ಮ್‌ಗೆ ಹಚ್ಚಲು ಸರಾಸರಿ 22 ನಿಮಿಷ ತೆಗೆದುಕೊಂಡಿತ್ತು, ಮತ್ತು ಹೊರಗೆ ತಂದ ಚೀಲ ಲಾರಿ ಏರುವ ಮುನ್ನ ತೆರೆದ ಪ್ಲಾಟ್‌ಫಾರ್ಮ್ ಮೇಲೆ ಸರಾಸರಿ 40 ನಿಮಿಷ ಬಿದ್ದಿತ್ತು.

ಇವೆರಡರ ನಂಟು ಸರಳವಾಗಿದೆ. ಹಮಾಲರ ಕೂಲಿ ಚೀಲದ ಲೆಕ್ಕದಲ್ಲಿ. ಲಾರಿ ಗೇಟಿನೊಳಗೆ ಬಂತೆಂದರೆ ಅವರು ಸುಮ್ಮನೆ ನಿಲ್ಲದೆ ಚೀಲ ಹೊತ್ತು ತಂದು ಪ್ಲಾಟ್‌ಫಾರ್ಮ್ ಮೇಲೆ ಒಟ್ಟತೊಡಗುತ್ತಾರೆ. ಇತ್ತ ಲಾರಿ ಹಿಂದೆ ಮುಂದೆ ಐದಾರು ಸಲ ಆಡುತ್ತಿರುತ್ತದೆ. ಕೊನೆಗೆ ಸೊಟ್ಟಗೇ ನಿಲ್ಲುತ್ತದೆ. ಲಾರಿಯ ಹಿಂಬದಿಗೂ ಪ್ಲಾಟ್‌ಫಾರ್ಮ್‌ಗೂ ನಡುವೆ ಒಂದು ಕಡೆ ಮುಕ್ಕಾಲು ಮೀಟರ್ ಸಂದು ಬಿದ್ದು, ಅಲ್ಲಿ ಮರದ ಹಲಗೆ ಹಾಸಿ ಒಬ್ಬೊಬ್ಬರೇ ದಾಟಬೇಕಾಗುತ್ತದೆ, ಹೀಗಾಗಿ ತುಂಬುವುದೂ ನಿಧಾನ.

ಆ 40 ನಿಮಿಷದಲ್ಲಿ ಏನಾಗುತ್ತದೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು. ಜುಲೈನಲ್ಲಿ 24 ಡಿಗ್ರಿ, ಶೇಕಡಾ 85 ಆರ್ದ್ರತೆಯ ಹೊರಗಾಳಿಯ ಒಂದು ಘನ ಮೀಟರ್‌ನಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. 6 ಡಿಗ್ರಿಯ ಗಾಳಿ ಹೆಚ್ಚೆಂದರೆ 7 ಗ್ರಾಂ ಚಿಲ್ಲರೆ ಹಿಡಿದಿಟ್ಟುಕೊಳ್ಳಬಲ್ಲದು. ಆ ಹೊರಗಾಳಿಯ ಇಬ್ಬನಿ ಬಿಂದು 21 ಡಿಗ್ರಿ, ಅಂದರೆ ಅದಕ್ಕಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ಅದು ನೀರು ಬಿಡುತ್ತದೆ. ಮಾರ್ಚ್ ತಿಂಗಳ 35 ಡಿಗ್ರಿಯ ಒಣಗಾಳಿಯಲ್ಲಿ, ಆರ್ದ್ರತೆ ಶೇಕಡಾ 25 ಇದ್ದರೆ, ಇರುವ ನೀರಾವಿ ಸುಮಾರು 10 ಗ್ರಾಂ ಮಾತ್ರ. ತುಂಬುವ ಕಾಲದಲ್ಲಿ ಈ ಕಟ್ಟಡ ಏಕೆ ಪಾಸಾಯಿತು ಎಂಬುದಕ್ಕೆ ಉತ್ತರ ಇಲ್ಲಿದೆ.

ಹತ್ತು ಚೀಲಗಳನ್ನು ಚೇಂಬರ್‌ನಿಂದ ಬಂದ ಕೂಡಲೇ ತೂಗಿ, 40 ನಿಮಿಷ ಪ್ಲಾಟ್‌ಫಾರ್ಮ್ ಮೇಲೆ ಬಿಟ್ಟು ಮತ್ತೆ ತೂಗಿದೆವು. ಪ್ರತಿಯೊಂದೂ 50ರಿಂದ 70 ಗ್ರಾಂ ಹೆಚ್ಚಾಗಿತ್ತು. ನಲವತ್ತು ಕಿಲೋದಲ್ಲಿ ಅರವತ್ತು ಗ್ರಾಂ ಎಂದರೆ ಶೇಕಡಾ 0.15, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಆದರೆ ಆ ನೀರು ಚೀಲದ ತುಂಬ ಹರಡುವುದಿಲ್ಲ. ಗೋಣಿಯಲ್ಲೂ ಅದಕ್ಕೆ ತಾಗಿದ ಹೆಬ್ಬೆರಳಿನ ದಪ್ಪದ ಕಾಯಿಯ ಪದರದಲ್ಲೂ ನಿಲ್ಲುತ್ತದೆ. ಆ ಪದರದಲ್ಲಿರುವುದು ನಾಲ್ಕು ಕಿಲೋ ಕಾಯಿ ಎಂದಿಟ್ಟುಕೊಂಡರೆ ಅದರ ತೇವಾಂಶ ಶೇಕಡಾ 10.5ರಿಂದ 12ಕ್ಕೆ ಏರುತ್ತದೆ, ಮತ್ತು ಇಬ್ಬನಿ ಸಮನಾಗಿ ಕೂರದೆ ಒಂದೇ ಮಗ್ಗುಲಿಗೆ ಕೂತರೆ ಅಲ್ಲಿ ಇನ್ನೂ ಹೆಚ್ಚು. ಬೂಸ್ಟಿಗೆ ಅಷ್ಟು ಸಾಕು.

ಇನ್ನು ಚೇಂಬರ್‌ನ ಒಳಗಿನ ಮುಂದಿನ ಥಪ್ಪಿಗಳ ಗುಟ್ಟು. ಇದನ್ನು ಬಿಡಿಸಿದ್ದು ಹಮಾಲರ ಮುಖಂಡರು. ನಾನು ಬಾಗಿಲಿನ ಗಾಳಿಯ ಬಗ್ಗೆ ಮ್ಯಾನೇಜರ್‌ಗೆ ವಿವರಿಸುತ್ತಿದ್ದಾಗ ಅವರು ನಡುವೆ ಬಂದು, "ಸಾಹೇಬ್ರ, ಮುಂದಿನ ಥಪ್ಪಿ ಅಂದ್ರ ವಾಪಸ್ ಬಂದ ಮಾಲ್ರಿ ಅವು. ಸ್ಯಾಂಪಲ್ ತೋರಸಾಕ ಹೊರಗ ತರ್ತಾರ, ಯಾಪಾರ ಕುದರ್ಲಿಲ್ಲಂದ್ರ ಮತ್ತ ಒಳಗ ಹಾಕ್ತೀವಿ. ಹಿಂದಕ್ಕ ಯಾರು ಹೊತ್ಕೊಂಡು ಹೋಗ್ತಾರ, ಬಾಗಲ ಮಗ್ಗಲಕ್ಕ ಒಟ್ಟಿಬಿಡ್ತೀವಿ" ಎಂದರು.

ದಾಖಲೆ ನೋಡಿದರೆ ಹಾಗೆಯೇ ಇತ್ತು. ಚೇಂಬರ್‌ನೊಳಗೆ ಬೂಸ್ಟು ಹಿಡಿದ ಚೀಲಗಳಲ್ಲಿ ಹೆಚ್ಚಿನವು ಒಮ್ಮೆ ಹೊರಗೆ ಹೋಗಿ, ಪ್ಲಾಟ್‌ಫಾರ್ಮ್ ಮೇಲೆ ಖರೀದಿದಾರರ ಎದುರು ಗಂಟೆಗಟ್ಟಲೆ ಬಾಯಿ ಬಿಚ್ಚಿಕೊಂಡು ಕೂತು, ಇಬ್ಬನಿ ಕುಡಿದು ಮರಳಿದವು. ಬಾಗಿಲಿನಿಂದ ಬರುವ ಗಾಳಿಯಿಂದ ತೇವ ಹಿಡಿದಿದ್ದರೆ ವಾಪಸ್ ಬರದ ಚೀಲಗಳಲ್ಲೂ ಅಷ್ಟೇ ಕಾಣಬೇಕಿತ್ತು. ನಾವು ಗಾಳಿಯ ಹಾದಿ ಹುಡುಕುತ್ತಿದ್ದಾಗ ತೇವ ಹಮಾಲರ ಹೆಗಲೇರಿ ಒಳಗೆ ಬರುತ್ತಿತ್ತು.

ಅಂಗಳ

ಹಾಗಾದರೆ ಲಾರಿ ಬೇಗ ಹಚ್ಚಲಾಗದೆ ಇದ್ದದ್ದು ಏಕೆ? ಹತ್ತು ಚಕ್ರದ ಲಾರಿಯ ಉದ್ದ 9.5 ಮೀಟರ್. ಲಾರಿ ಪ್ಲಾಟ್‌ಫಾರ್ಮ್‌ಗೆ ಲಂಬವಾಗಿ ಹಿಂಬದಿ ಹಚ್ಚಬೇಕಾದರೆ ಎದುರಿಗೆ ಲಾರಿಯ ಉದ್ದದ ಎರಡರಷ್ಟು, ಮೇಲೆ ಎರಡು ಮೂರು ಮೀಟರ್ ಸಡಿಲು ಬೇಕೆಂಬುದು ಒರಟು ಲೆಕ್ಕ. ಅಂದರೆ ಇಲ್ಲಿ 21 ಮೀಟರ್ ಬೇಕಿತ್ತು, ಇದ್ದದ್ದು 17. ಆ ಹದಿನೇಳೂ ಪೂರ್ತಿ ಸಿಗುತ್ತಿರಲಿಲ್ಲ. ಕಂಪೌಂಡ್ ಗೋಡೆಗೆ ತಾಗಿದ್ದ ವೇಬ್ರಿಡ್ಜ್ ಕೋಣೆ 3 ಮೀಟರ್ ಮುಂದೆ ಬಂದಿತ್ತು. ಗೋಡೆಯುದ್ದಕ್ಕೂ ನಾಲ್ಕು ಮೀಟರ್ ಪಟ್ಟಿಯನ್ನು ಹಣ ಉಳಿಸಲು ಕಾಂಕ್ರೀಟ್ ಮಾಡದೆ ಎರೆಮಣ್ಣಿನ ಮೇಲೆ ತೆಳುವಾಗಿ ಗರಸು ಹಾಕಿ ಬಿಟ್ಟಿದ್ದರು. ಮೊದಲ ಮಳೆಗೇ ಗರಸು ಮಣ್ಣಿನೊಳಗೆ ಇಳಿದು ಹೋಗಿತ್ತು. ಒಮ್ಮೆ ಮುಂಗಾಲಿ ಹೂತು ಜೆಸಿಬಿ ತರಿಸಬೇಕಾದ ಮೇಲೆ ಯಾವ ಚಾಲಕನೂ ಆ ಪಟ್ಟಿಗೆ ಚಕ್ರ ಇಳಿಸುತ್ತಿರಲಿಲ್ಲ. ನಕ್ಷೆಯ ಹದಿನೇಳು ಮೀಟರ್ ಮಳೆಗಾಲದಲ್ಲಿ ಹದಿಮೂರು.

ಇದಕ್ಕಿಂತಲೂ ಕಣ್ಣಿಗೆ ಬೀಳದ ತಪ್ಪು ಗೇಟಿನದು. ನಮ್ಮ ಲಾರಿಗಳಲ್ಲಿ ಚಾಲಕ ಕೂರುವುದು ಬಲಕ್ಕೆ. ಲಾರಿಯ ಹಿಂಬದಿ ಬಲಕ್ಕೆ ತಿರುಗುವಂತೆ ರಿವರ್ಸ್ ತೆಗೆದರೆ ಆತ ಕಿಟಕಿಯಿಂದ ತಲೆ ಹೊರಹಾಕಿ ಪ್ಲಾಟ್‌ಫಾರ್ಮ್‌ನ ಅಂಚನ್ನೂ ಲಾರಿಯ ಮೂಲೆಯನ್ನೂ ಕಣ್ಣಾರೆ ನೋಡಬಹುದು. ಎಡಕ್ಕೆ ತಿರುಗಿಸಬೇಕಾದರೆ ಕನ್ನಡಿಯನ್ನೂ ಕ್ಲೀನರ್‌ನ ಕೂಗನ್ನೂ ನಂಬಬೇಕು. ಇಲ್ಲಿ ಲಾರಿ ಉತ್ತರದ ಗೇಟಿನಿಂದ ದಕ್ಷಿಣಕ್ಕೆ ಮುಖ ಮಾಡಿ ಬರುತ್ತಿತ್ತು. ಪೂರ್ವದ ಕಟ್ಟಡ ಚಾಲಕನ ಎಡಕ್ಕೆ ಬೀಳುತ್ತಿತ್ತು. ಎಲ್ಲ ರಿವರ್ಸ್‌ಗಳೂ ಕುರುಡು ಕಡೆಗೆ. ಅದೇ ಲಾರಿ ದಕ್ಷಿಣದಿಂದ ಒಳಗೆ ಬಂದು ಉತ್ತರಕ್ಕೆ ಹೊರಟರೆ ಕಟ್ಟಡ ಬಲಕ್ಕೆ ಬರುತ್ತದೆ. ಕಟ್ಟಡವನ್ನು ಪ್ರದಕ್ಷಿಣೆ ಹಾಕುವಾಗ ದೇವರು ಬಲಕ್ಕಿರುವಂತೆ ಎಂದು ಚಾಲಕರಿಗೆ ಹೇಳಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸುಣ್ಣದ ಗೆರೆ ಮತ್ತು ಗೇಟಿನ ಜಗಳ

ಗೋಡೆಯನ್ನು ಹಿಂದಕ್ಕೆ ಸರಿಸಲು ರಸ್ತೆಯ ಮಿತಿ ಬಿಡುತ್ತಿರಲಿಲ್ಲ, ಕಟ್ಟಡವಂತೂ ಸರಿಯುವುದಿಲ್ಲ. ಉಳಿದ ದಾರಿ ಲಾರಿಯನ್ನು ಲಂಬವಾಗಿ ನಿಲ್ಲಿಸುವ ಬದಲು ಓರೆಯಾಗಿ ನಿಲ್ಲಿಸುವುದು, ಅದಕ್ಕಾಗಿ ಪ್ಲಾಟ್‌ಫಾರ್ಮ್‌ನ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸುವುದು. ಓರೆಯಾದಷ್ಟೂ ಲಾರಿ ತಿರುಗಬೇಕಾದ ಕೋನ ಕಡಿಮೆ, ಬೇಕಾದ ಅಂಗಳವೂ ಕಡಿಮೆ. ಆದರೆ ಪ್ಲಾಟ್‌ಫಾರ್ಮ್‌ನ ಉದ್ದ ಹೆಚ್ಚು ಬೇಕು, ಜತೆಗೆ ಲಾರಿ ಒಂದೇ ದಿಕ್ಕಿನಿಂದ ಬರಬೇಕು.

ಕೋನ ಎಷ್ಟಿರಬೇಕೆಂದು ಕಾಗದದ ಮೇಲೆ ತೀರ್ಮಾನಿಸಲಿಲ್ಲ. ಒಂದು ಭಾನುವಾರ ವೇಬ್ರಿಡ್ಜ್ ಕೋಣೆಯನ್ನು ಇಲ್ಲವೆಂದುಕೊಂಡು, ಅದರ ದಕ್ಷಿಣಕ್ಕಿದ್ದ ತೆರವಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು, ಎರೆಮಣ್ಣಿನ ಪಟ್ಟಿಗೆ ಕಬ್ಬಿಣದ ತಗಡು ಹಾಸಿ, ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದ ಒಬ್ಬ ಹಿರಿಯ ಚಾಲಕರನ್ನು ಕರೆಸಿದೆವು. 60 ಡಿಗ್ರಿಯ ಗೆರೆಗೆ ಅವರು ಎರಡು ಸಲ ಮುಂದೆ ಬಂದು ಸರಿಪಡಿಸಿಕೊಳ್ಳಬೇಕಾಯಿತು, ಒಮ್ಮೆ ಬಂಪರ್ ಗೋಡೆಗೆ ಒಂದು ಗೇಣು ದೂರದಲ್ಲಿ ನಿಂತಿತು. 45 ಡಿಗ್ರಿಗೆ ಒಂದೇ ಸಲ, ಕ್ಲೀನರ್ ಕೆಳಗೆ ಇಳಿಯುವುದೂ ಬೇಕಾಗಲಿಲ್ಲ. ನಂತರ ಅನುಭವ ಕಡಿಮೆಯಿದ್ದ ಹುಡುಗನೊಬ್ಬನಿಂದಲೂ ಮಾಡಿಸಿ ನೋಡಿದೆವು. ಈ ಎರಡನೆಯ ಪರೀಕ್ಷೆಯೇ ಹೆಚ್ಚು ಮುಖ್ಯವಾದದ್ದು, ಏಕೆಂದರೆ ಬರುವ ಚಾಲಕರೆಲ್ಲ ಮೂವತ್ತು ವರ್ಷದವರಲ್ಲ.

45 ಡಿಗ್ರಿಯಲ್ಲಿ ಒಂದೊಂದು ಲಾರಿಗೆ ಪ್ಲಾಟ್‌ಫಾರ್ಮ್‌ನ 5.7 ಮೀಟರ್ ಉದ್ದ ಹೋಗುತ್ತದೆ. ಮುಂದೆ ಹೇಳುವ ಕೋಣೆಗೆ ಉತ್ತರ ತುದಿಯ 13 ಮೀಟರ್ ಬಿಟ್ಟರೆ, ಲಾರಿ ಹಚ್ಚುವ ಆರು ಕಟ್ಟೆಗಳ ಜಾಗದಲ್ಲಿ ನಾಲ್ಕೇ ಉಳಿಯುತ್ತವೆ. ಮಾಲೀಕರು ಹಾಕಿದ ಕಾಂಕ್ರೀಟನ್ನು ಒಡೆದು, ಅದೂ ಕಟ್ಟೆ ಕಡಿಮೆ ಮಾಡಿಕೊಳ್ಳುವುದಕ್ಕೆ ಒಪ್ಪುವುದು ಸುಲಭವಾಗಿರಲಿಲ್ಲ. ಅವರನ್ನು ಒಪ್ಪಿಸಿದ್ದೂ ನೋಟ್‌ಬುಕ್ಕೇ. ಆ ವಾರದಲ್ಲಿ ಒಂದೇ ಹೊತ್ತಿಗೆ ಮೂರಕ್ಕಿಂತ ಹೆಚ್ಚು ಲಾರಿಗಳು ನಿಂತದ್ದು ಒಮ್ಮೆ ಮಾತ್ರ, ಆಗಲೂ ನಾಲ್ಕನೆಯದು ನಿಂತ ರೀತಿಗೆ ಐದನೆಯದಕ್ಕೆ ದಾರಿ ಇರಲಿಲ್ಲ.

ನಿಜವಾದ ಜಗಳ ಗೇಟಿನದು. ದಕ್ಷಿಣದಲ್ಲಿ ಹೊಸ ಗೇಟು ತೆರೆದು ಒಳಬರುವ ದಾರಿ ಮಾಡಿ, ಉತ್ತರದ್ದನ್ನು ಹೊರಹೋಗಲು ಇಟ್ಟುಕೊಳ್ಳೋಣ ಎಂದಾಗ ಮಾಲೀಕರು ಕೆಲಸವನ್ನೇ ನಿಲ್ಲಿಸಿದರು. ಉತ್ತರ ಕುಬೇರನ ದಿಕ್ಕು, ಅದರಿಂದ ಸರಕು ಹೊರಗೆ ಹೋದರೆ ಲಕ್ಷ್ಮಿಯನ್ನೇ ಹೊರಗೆ ಕಳಿಸಿದಂತೆ ಎಂಬುದು ಅವರ ವಾದ. ದಕ್ಷಿಣದ್ದನ್ನೇ ಹೊರಹೋಗಲು ಇಟ್ಟು ಉತ್ತರದಿಂದ ಬರಲಿ ಎಂದರು. ಮೇಲುನೋಟಕ್ಕೆ ಇದು ಸಣ್ಣ ಬದಲಾವಣೆ. ಆದರೆ ಹಾಗೆ ಮಾಡಿದರೆ ಕುರುಡು ರಿವರ್ಸ್ ಹಾಗೆಯೇ ಉಳಿಯುತ್ತದೆ. ಜತೆಗೆ ಇನ್ನೊಂದು ಕೇಡು ಇದೆ, ಅದು ನನಗೂ ಗೆರೆ ಎಳೆದ ಮೇಲೆಯೇ ಹೊಳೆದದ್ದು. ದಕ್ಷಿಣದಿಂದ ಬಂದು ಓರೆಯಾಗಿ ನಿಂತ ಲಾರಿಯ ಹಿಂಬದಿ ಆಗ್ನೇಯಕ್ಕೆ ತಿರುಗುತ್ತದೆ, ಆದ್ದರಿಂದ ಕಟ್ಟೆಯ ಬಾಯಿ ವಾಯವ್ಯಕ್ಕೆ ಬರುತ್ತದೆ, ಹಲ್ಲಿನ ಇನ್ನೊಂದು ಮಗ್ಗುಲು ನೈಋತ್ಯಕ್ಕೆ ಮುಖ ಮಾಡುತ್ತದೆ. ಆ ಮಗ್ಗುಲಿಗೆ ಚಾವಣಿಯವರೆಗೆ ಗೋಡೆ ಕಟ್ಟಿದರೆ ಪಡುವಣ ನೈಋತ್ಯದ ಮಳೆಗಾಳಿಗೆ ಅದೇ ಮರೆ. ಉತ್ತರದಿಂದ ಬರುವಂತೆ ಮಾಡಿದರೆ ಎಲ್ಲ ತಿರುವುಮುರುವಾಗಿ ನಾಲ್ಕೂ ಕಟ್ಟೆಗಳ ಬಾಯಿ ನೇರವಾಗಿ ನೈಋತ್ಯದ ಮಳೆಗೆ ತೆರೆದುಕೊಳ್ಳುತ್ತದೆ.

ಈ ವಾದದಿಂದ ಅವರ ಮನಸ್ಸು ಅರ್ಧ ಕರಗಿತು. ಉಳಿದರ್ಧ ಕರಗಿಸಿದ್ದು ಅವರ ತಾಯಿ. ವಿಷಯ ಕೇಳಿ ಆ ಹಿರಿಯರು, "ಅಲ್ಲೋ ತಮ್ಮಾ, ಮಾಲು ಒಳಗ ಬಂದಾಗ ನಿನಗೇನ ಸಿಗತೈತಿ? ಬಾಡಿಗಿ ಕೊಡೂದು ಮಾಲು ಹೊರಗ ಹೋಗುವಾಗ. ಲಕ್ಷ್ಮಿ ಬರೂದ ಆ ಗೇಟಿಗೆ" ಎಂದರಂತೆ. ಶೀತಗೃಹದಲ್ಲಿ ಬಾಡಿಗೆ ಸಾಮಾನ್ಯವಾಗಿ ಸರಕು ಬಿಡಿಸಿಕೊಳ್ಳುವಾಗ ಪಾವತಿಯಾಗುವುದು ನಿಜ. ವೇಬ್ರಿಡ್ಜ್ ಕೋಣೆ ಉತ್ತರದ ಗೇಟಿನ ಪಕ್ಕಕ್ಕೆ ಹೋಯಿತು, ಹಣ ಎಣಿಸುವ ಮೇಜೂ ಅಲ್ಲಿಗೇ.

ಎರೆಮಣ್ಣಿನ ಪಟ್ಟಿಯನ್ನು ಅಗೆದು ತೆಗೆದು ಗಟ್ಟಿ ಗರಸು ತುಂಬಿ ಕುಟ್ಟಿ ಕಾಂಕ್ರೀಟ್ ಹಾಕಲಾಯಿತು. ಮೊದಲು ಅಂಗಳದ ಇಳಿಜಾರು ಪ್ಲಾಟ್‌ಫಾರ್ಮ್ ಕಡೆಗಿತ್ತು. ಅದನ್ನು ತಿರುಗಿಸಿ, ನೀರು ಗೋಡೆಯ ಕಡೆಯ ಚರಂಡಿಗೆ ಹೋಗುವಂತೆ 50 ಮೀಟರ್‌ಗೆ ಒಂದು ಮೀಟರ್‌ನ ಇಳಿಜಾರು ಕೊಟ್ಟೆವು. ಇಡೀ ಕೆಲಸದಲ್ಲಿ ಹೆಚ್ಚು ಹಣ ಹೋದದ್ದು ಇಲ್ಲಿಗೇ, ಯಂತ್ರಗಳಿಗಲ್ಲ.

ಮೆಟ್ಟಿಲಿನಂತೆ ಬಿಸಿ ಮಾಡುವುದು

ಲಾರಿ ಬೇಗ ಹಚ್ಚಿದರೆ ಚೀಲ ಪ್ಲಾಟ್‌ಫಾರ್ಮ್ ಮೇಲೆ ಕಾಯುವುದು ತಪ್ಪುತ್ತದೆ, ಆದರೆ 6 ಡಿಗ್ರಿಯ ಚೀಲ ಲಾರಿಯ ಮೇಲೆಯೂ ಬೆವರುತ್ತದೆ. ಅದಕ್ಕೆ ಚೀಲವನ್ನು ಹೊರಗೆ ಬಿಡುವ ಮುನ್ನ ಬೆಚ್ಚಗಾಗಿಸಬೇಕು. ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಚೀಲವನ್ನು ಚೇಂಬರ್‌ನಿಂದ ತಂದು ಯಾವುದಾದರೂ ಮುಚ್ಚಿದ ಕೋಣೆಯಲ್ಲಿ ಒಂದು ದಿನ ಇಡುವುದು. ಆ ಕೋಣೆಯ ಗಾಳಿ ಹೊರಗಿನದೇ ಆಗಿದ್ದರೆ ಬೆವರು ಲಾರಿಯ ಬದಲು ಕೋಣೆಯಲ್ಲಿ ಬರುತ್ತದೆ, ಅಷ್ಟೆ. ಪಾಲಿಸಬೇಕಾದ ನಿಯಮ ಒಂದೇ: ಚೀಲ ಮುಂದೆ ಹೋಗುವ ಕೋಣೆಯ ಇಬ್ಬನಿ ಬಿಂದು, ಚೀಲದ ಮೈಯ ಈಗಿನ ಉಷ್ಣತೆಗಿಂತ ಕೆಳಗಿರಬೇಕು.

ಇದನ್ನು ಒಂದೇ ಹೆಜ್ಜೆಯಲ್ಲಿ ಮಾಡಲಾಗದು. ಹಾಗಾಗಿ ಆಂಟಿರೂಮ್‌ಗೆ ಇನ್ಸುಲೇಶನ್ ಹಾಕಿ 14 ಡಿಗ್ರಿ, ಶೇಕಡಾ 55 ಆರ್ದ್ರತೆಯಲ್ಲಿ ಇಟ್ಟೆವು. ಅಲ್ಲಿನ ಇಬ್ಬನಿ ಬಿಂದು 5 ಡಿಗ್ರಿ, 6 ಡಿಗ್ರಿಯ ಚೀಲ ಬೆವರುವುದಿಲ್ಲ. ಕಾಯಿಲ್‌ನಲ್ಲಿ ಗಾಳಿಯನ್ನು ಮೊದಲು ತಣಿಸಿ ನೀರು ಇಳಿಸಿ, ಆಮೇಲೆ ಹೀಟರ್‌ನಿಂದ ಕೊಂಚ ಬೆಚ್ಚಗೆ ಮಾಡುವುದರಿಂದ ಇದು ಸಾಧ್ಯವಾಗುತ್ತದೆ. ಕಟ್ಟೆಗಳು ಕಡಿಮೆಯಾದ ಮೇಲೆ ಪ್ಲಾಟ್‌ಫಾರ್ಮ್‌ನ ಉತ್ತರ ತುದಿಯಲ್ಲಿ ಉಳಿದ 13 ಮೀಟರ್ ಉದ್ದವನ್ನು ಗೋಡೆ ಕಟ್ಟಿ ಎರಡನೆಯ ಕೋಣೆ ಮಾಡಿದೆವು. ಅಲ್ಲಿ 24 ಡಿಗ್ರಿ, ಶೇಕಡಾ 50, ಗಾಳಿಯ ತೇವ ತೆಗೆಯುವ ಸಾಧಾರಣ ಡಿಹ್ಯೂಮಿಡಿಫೈಯರ್ ಸಾಕು. ಆ ಗಾಳಿಯ ಇಬ್ಬನಿ ಬಿಂದು 13. ಆಂಟಿರೂಮ್‌ನಲ್ಲಿ ಅರ್ಧ ದಿನ ಕಳೆದ ಚೀಲದ ಮೈ 13ಕ್ಕೆ ಮುಟ್ಟಿರುತ್ತದೆ. ಈ ಎರಡನೆಯ ಕೋಣೆಯಲ್ಲಿ ಮೈ 22 ದಾಟಿದ ಮೇಲೆ ಜುಲೈನ ಹೊರಗಾಳಿಗೂ ಹೆದರಬೇಕಿಲ್ಲ.

ಮೆಣಸಿನಕಾಯಿಯ ಚೀಲದೊಳಗೆ ಗಾಳಿಯೇ ಹೆಚ್ಚು, ಆದ್ದರಿಂದ ಅದು ಬಿಸಿಯನ್ನು ಬಹಳ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಎರಡನೆಯ ಕೋಣೆ ಸಿದ್ಧವಾದ ಮೇಲೆ ಒಂದು ಚೀಲದ ನಡುವಿಗೆ ಉಷ್ಣಮಾಪಕ ಚುಚ್ಚಿ ನೋಡಿದೆವು. ಚೇಂಬರ್‌ನಿಂದ ಬಂದು 6 ಗಂಟೆಯ ನಂತರ ನಡುವಿನಲ್ಲಿ 8 ಡಿಗ್ರಿ, ಇಡೀ ಒಂದು ದಿನದ ನಂತರವೂ 17. ಅದಕ್ಕೇ ಚೀಲಗಳನ್ನು ಒತ್ತಾಗಿ ಒಟ್ಟದೆ, ನಡುವೆ ಕೈ ಹೋಗುವಷ್ಟು ಸಂದು ಬಿಟ್ಟು ಕಟ್ಟಿಗೆಯ ಹಲಗೆಗಳ ಮೇಲೆ ಜೋಡಿಸಬೇಕು. ಇದರಿಂದ ಆ ಕೋಣೆಯಲ್ಲಿ ಒಮ್ಮೆಗೆ 350 ಚೀಲ ಮಾತ್ರ ಹಿಡಿಯುತ್ತದೆ.

ಇದರ ಬೆಲೆ ತೆರಬೇಕಾದವರು ವರ್ತಕರು. ಬೆಳಗ್ಗೆ ಫೋನ್ ಮಾಡಿ ಮಧ್ಯಾಹ್ನ ಸರಕು ಎತ್ತುವ ರೂಢಿ ಹೋಗಿ, ಹಿಂದಿನ ದಿನವೇ ಡೆಲಿವರಿ ಚೀಟಿ ಕಳಿಸಬೇಕಾಯಿತು. ಸ್ಯಾಂಪಲ್ ನೋಡುವುದು ತೆರೆದ ಪ್ಲಾಟ್‌ಫಾರ್ಮ್‌ನಿಂದ ಈ ಎರಡನೆಯ ಕೋಣೆಗೆ ಬಂತು. ವ್ಯಾಪಾರ ಕುದುರದ ಚೀಲವನ್ನು ಒಂದು ರಾತ್ರಿ ಆಂಟಿರೂಮ್‌ನ ಒಣಗಾಳಿಯಲ್ಲಿಟ್ಟು, ಕೊರಳಿಗೆ ಹಳದಿ ದಾರ ಕಟ್ಟಿಯೇ ಚೇಂಬರ್‌ಗೆ ಕಳಿಸಬೇಕೆಂದು ನಿಯಮವಾಯಿತು.

ಆಮೇಲೆ

ಮುಂದಿನ ಮಳೆಗಾಲದಲ್ಲಿ ಅದೇ ನೋಟ್‌ಬುಕ್ ಮತ್ತೆ ತೆರೆದೆವು. ಗೇಟಿನಿಂದ ಕಟ್ಟೆಗೆ ಹಚ್ಚುವ ಹೊತ್ತು 22ರಿಂದ 8 ನಿಮಿಷಕ್ಕೆ ಇಳಿದಿತ್ತು, ಅದರಲ್ಲಿ ಮೂರು ನಿಮಿಷ ತಾಡಪತ್ರಿ ಬಿಚ್ಚಲು. ಪ್ಲಾಟ್‌ಫಾರ್ಮ್ ಮೇಲೆ ಚೀಲ ಕಾಯುವುದು ಹತ್ತು ನಿಮಿಷದೊಳಗೆ. ಪರಿಹಾರ ಕೊಡಬೇಕಾದ ಚೀಲಗಳು 420ರ ಬದಲು 60. ಚೇಂಬರ್‌ನೊಳಗೆ ಬೂಸ್ಟು ಹಿಡಿದವು ಅವುಗಳಲ್ಲಿ ಆರು, ಆರಕ್ಕೂ ಹಳದಿ ದಾರ ಇರಲಿಲ್ಲ. ಉಳಿದವು ಬಹುತೇಕ ಎರಡೇ ದಿನಗಳವು. ದರ ಏರಿದ ಸುದ್ದಿಗೆ ಒಂದೇ ಬೆಳಗ್ಗೆ 900 ಚೀಲಗಳಿಗೆ ಚೀಟಿ ಬಂದು, 350ರ ಕೋಣೆ ಸಾಲದೆ, ಮ್ಯಾನೇಜರ್ ಮಾಲೀಕರ ಒತ್ತಾಯಕ್ಕೆ ಚೇಂಬರ್‌ನಿಂದ ನೇರ ಲಾರಿಗೆ ಬಿಟ್ಟ ದಿನಗಳು ಅವು.

ನನ್ನ ಲೆಕ್ಕದಲ್ಲೂ ಒಂದು ತಪ್ಪಿತ್ತು. ಕಟ್ಟೆಯ ಸುತ್ತ ಲಾರಿಯ ಹಿಂಬದಿಗೆ ತಾಗುವ ಕ್ಯಾನ್ವಾಸ್ ಕವಚ ಹಾಕಿಸಿದ್ದೆ. ಮುಚ್ಚಿದ ಕಂಟೇನರ್‌ಗೆ ಸರಿಹೋಗುವ ಅದು, ಮೇಲೆ ತೆರೆದಿರುವ ನಮ್ಮ ಲಾರಿಗಳಿಗೆ ಪ್ರಯೋಜನಕ್ಕೆ ಬರಲಿಲ್ಲ, ಒಂದೇ ತಿಂಗಳಲ್ಲಿ ಹರಿದೂ ಹೋಯಿತು. ಅದರ ಬದಲು ಚಾವಣಿಯನ್ನು ಇನ್ನೂ ಎರಡು ಮೀಟರ್ ಮುಂದೆ ಚಾಚಿಸಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಮೆಣಸಿನಕಾಯಿ ಹಗುರ ಸರಕಾದ್ದರಿಂದ ಲಾರಿಗಳು ಎತ್ತರಕ್ಕೆ ಹೇರುತ್ತವೆ, ಆದ್ದರಿಂದ ಚಾವಣಿಯ ಕೆಳ ಅಂಚನ್ನು 4.6 ಮೀಟರ್‌ಗಿಂತ ಇಳಿಸಲಾಗದು, ಅಷ್ಟು ಎತ್ತರದ ಅಂಚಿನ ಕೆಳಗೆ ಗಾಳಿಮಳೆಯ ಎರಚಲು ಬಂದೇ ಬರುತ್ತದೆ.

ಬಿಡಿಸಲಾಗದೆ ಉಳಿದದ್ದು ದೊಡ್ಡ ಟ್ರೇಲರ್‌ಗಳದು. ಬಂದರಿಗೆ ಹೋಗುವ ನಲವತ್ತು ಅಡಿ ಕಂಟೇನರ್ ಹೊತ್ತ ಗಾಡಿಗೆ ಈ ಅಂಗಳದಲ್ಲಿ ತಿರುಗಲು ಯಾವ ಕೋನದಲ್ಲೂ ಜಾಗವಿಲ್ಲ. ಅವು ದಕ್ಷಿಣದ ಗೇಟಿನಿಂದ ನೇರ ಬಂದು ಗೋಡೆಯ ಪಕ್ಕ ಉದ್ದಕ್ಕೆ ನಿಲ್ಲುತ್ತವೆ, ಸಣ್ಣ ಲಾರಿಯೊಂದು ಕಟ್ಟೆಯಿಂದ ಅಲ್ಲಿಗೆ ಮೂರು ನಾಲ್ಕು ಸುತ್ತು ಚೀಲ ಸಾಗಿಸುತ್ತದೆ. ಆ ಹೊತ್ತಿನಲ್ಲಿ ಉಳಿದ ಮೂರು ಕಟ್ಟೆಗಳ ಕೆಲಸ ನಿಲ್ಲುತ್ತದೆ. ದಕ್ಷಿಣಕ್ಕೆ ತಾಗಿದ ಹೊಲದಲ್ಲಿ ಹತ್ತು ಗುಂಟೆ ಕೇಳಿದ್ದಾರೆ, ಹೊಲದವರು ಇನ್ನೂ ಒಪ್ಪಿಲ್ಲ.